ಕೊನೆ ಮನೆ ನಲ್ಲಿಗೂ ನೀರು ಬಂತು: ನಮ್ಮ ಪಿಡಿಒ ಸಾಹೇಬ್ರಿಗೊಂದು ಬಹಿರಂಗ ಪತ್ರ



ಜಲಜೀವನ್ ಮಿಷನ್‌ನಲ್ಲಿ ಮನೆ ಮುಂದೆ ನಲ್ಲಿ ನಿಂತ ದಿನ ಎಲ್ರೂ ಫೋಟೋ ಹಾಕಿದ್ರು. ನಾನು ಥ್ಯಾಂಕ್ಸ್ ಹೇಳ್ತಿರೋದು ಅದಾದ್ಮೇಲೆ ನೀವು ಮಾಡಿದ ಕೆಲಸಕ್ಕೆ. ಮುಳಬಾಗಿಲು, ಶ್ರೀನಿವಾಸಪುರ ಕಡೆ ರೈತರಿಗೂ ಉಪಯೋಗ ಆಗ್ಲಿ ಅಂತ ಇಲ್ಲಿ ಬರೀತಿದ್ದೀನಿ.

ಯೋಜನೆ ಲೆಕ್ಕದಲ್ಲಿ ತಲೆಗೆ ದಿನಕ್ಕೆ 55 ಲೀಟರ್. ಐದು ಜನರ ಮನೆಗೆ 275 ಲೀಟರ್, ಅಂದ್ರೆ 15 ಲೀಟರಿನ ಬಿಂದಿಗೇಲಿ ಹದಿನೆಂಟು. ಟ್ಯಾಂಕ್ ಹತ್ರದ ಬೀದಿಗೆ ಅದಕ್ಕಿಂತ ಜಾಸ್ತೀನೇ ಬರ್ತಿತ್ತು. ದಿಣ್ಣೆ ಮೇಲಿನ ಕೊನೆ ಮನೆಗಳಲ್ಲಿ ಎರಡು ಬಿಂದಿಗೆ ತುಂಬೋದ್ರೊಳಗೆ ನಿಂತು ಹೋಗ್ತಿತ್ತು. ಬೋರ್ ಬತ್ತಿದೆ, ಇನ್ನೊಂದು ಕೊರೆಸ್ಬೇಕು ಅಂತ ಊರೆಲ್ಲ ಮಾತು.

ನೀವು ಬೋರ್ ಕಡೆ ಹೋಗ್ಲಿಲ್ಲ. ನೀರುಗಂಟಿ ಜೊತೆ ಬೆಳಿಗ್ಗೆ ಆರಕ್ಕೆ ಕೊನೆ ಮನೆ ಮುಂದೆ ನಿಂತ್ರಿ. ಕೆಳಗಿನ ಬೀದಿಯ ನಲ್ಲಿಗಳನ್ನೆಲ್ಲ ಅರ್ಧ ಗಂಟೆ ಮುಚ್ಚಿಸಿದ್ರಿ. ದಿಣ್ಣೆ ಮೇಲೆ ಧಾರೆ ತುಂಬಿ ಬಂತು. ನೀರು ಸಾಕಷ್ಟಿತ್ತು, ನಲ್ಲಿಗೆ ಮೋಟಾರ್ ಹಾಕಿ ಎಳೀತಿದ್ರು ಅನ್ನೋದು ಎಲ್ರ ಎದುರೇ ಗೊತ್ತಾಯ್ತು.

ಮೋಟಾರಿನಿಂದ ಇನ್ನೊಂದು ಅಪಾಯ ಇದೆ. ಅದು ಎಳೆದಾಗ ಪೈಪಿನೊಳಗೆ ಒತ್ತಡ ಹೋಗಿ, ಸೋರೋ ಜಾಯಿಂಟ್ ಹೊರಗಿರೋದನ್ನ ಒಳಕ್ಕೆ ಹೀರುತ್ತೆ. ನಮ್ಮಲ್ಲಿ ಆ ಜಾಯಿಂಟ್ ಇದ್ದಿದ್ದು ಚರಂಡಿ ಅಡೀಲಿ. ಮೊದಲ ಬಿಂದಿಗೆ ಕಪ್ಪಗೆ ವಾಸನೆ ಬಂದು, ಆಮೇಲೆ ತಿಳಿ ಆಗ್ತಿದ್ದಿದ್ದು, ಮಕ್ಕಳಿಗೆ ಪದೇಪದೇ ಭೇದಿ ಆಗ್ತಿದ್ದಿದ್ದು ಇದಕ್ಕೇ.

ಮೋಟಾರ್ ತೆಗೆಸೋವಾಗ ನೀವು ಶುರು ಮಾಡಿದ್ದು ಊರಿನ ದೊಡ್ಡವರ ಮನೆಯಿಂದ. ಹಂಗಾಗಿ ಬೇರೆಯವರು ಬಾಯಿ ಬಿಡ್ಲಿಲ್ಲ. ಚರಂಡಿ ದಾಟೋ ಕಡೆ ಜಾಯಿಂಟ್ ಇಲ್ಲದ ಒಂದೇ ಪೈಪ್ ಹಾಕಿ, ಅದನ್ನ ದೊಡ್ಡ ಪೈಪಿನೊಳಗೆ ತೂರಿಸಿದ್ರಿ. ನಡುವೆ ಒಂದು ಗೇಟ್ ವಾಲ್ವ್ ಕೂರಿಸಿ, ಮೊದಲು ದಿಣ್ಣೆಗೆ, ಆಮೇಲೆ ಕೆಳಗಿನ ಬೀದಿಗೆ ಅಂತ ಸರದಿ ಮಾಡಿದ್ರಿ. ಕೊನೇಲಿ ಕ್ಲೋರಿನ್ ಪರೀಕ್ಷೆ ಮಾಡಿದ್ದೂ ಕೊನೆ ಮನೆ ನಲ್ಲೀಲೇ. ಅಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿದ್ರೆ, ಕ್ಲೋರಿನ್ ಕೊನೆ ಮನೆವರೆಗೂ ತಲುಪ್ತಿದೆ ಅಂತ ಹೇಳ್ಬಹುದು.

ಒಂದು ಕೆಲಸ ಉಳಿದಿದೆ ಸಾರ್. ನಮ್ಮ ಆಳದ ಬೋರ್ ನೀರಲ್ಲಿ ಫ್ಲೋರೈಡ್ ಇದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಬ್ಲೀಚಿಂಗ್ ಪೌಡರ್ ಹಾಕಿದ್ರೆ ಹೋಗಲ್ಲ, ಕಾಯಿಸಿದ್ರೂ ಹೋಗಲ್ಲ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ರೆ ಕುಡಿಯೋಕೆ ಆಗಲ್ಲ. ಅದಕ್ಕೆ ನಲ್ಲಿ ನೀರು ಬಳಕೆಗೆ, ಕುಡಿಯೋಕೆ ಶುದ್ಧ ನೀರಿನ ಘಟಕದ್ದು ಅಂತ ಇಟ್ಕೊಂಡಿದ್ದೀವಿ. ಘಟಕದ ಫಿಲ್ಟರ್ ಬದಲಾಯಿಸಿದ ತಾರೀಖು, ಪರೀಕ್ಷೆ ವರದಿ ಎರಡನ್ನೂ ಪಂಚಾಯ್ತಿ ಬೋರ್ಡಿಗೆ ಅಂಟಿಸಿದ್ರೆ ನಾವೇ ನೋಡ್ಕೋತೀವಿ.

ಅಕ್ಕಪಕ್ಕದ ಊರಿನ ಅಣ್ಣಂದಿರೇ, ಹೊಸ ಬೋರ್ ಕೇಳೋಕೆ ಮುಂಚೆ ಅರ್ಧ ಗಂಟೆ ನಲ್ಲಿ ಮುಚ್ಚಿ ನೋಡಿ.

ನಿಮಗೂ, ದಿನಾ ವಾಲ್ವ್ ತಿರುಗಿಸೋ ನಮ್ಮ ನೀರುಗಂಟಿಗೂ ದಿಣ್ಣೆ ಮೇಲಿನ ಮನೆಗಳವರ ಪರವಾಗಿ ವಂದನೆಗಳು.