ಏಳೂವರೆಗೆ ಸರಿಯಾಗಿ ಕೈಕೊಡುತ್ತಿದ್ದ ವೈಫೈ

ಅಪ್ಪಯ್ಯನ ಮಂಡಿ ಆಪರೇಷನ್ ಆದಮೇಲೆ ಎರಡು ತಿಂಗಳು ಊರಿನಿಂದಲೇ ಕೆಲಸ ಮಾಡ್ತೀನಿ ಅಂತ ಮ್ಯಾನೇಜರ್‌ನ ಒಪ್ಪಿಸಿ ಚಂದ್ರಗುತ್ತಿಗೆ ಬಂದಿದ್ದೆ. ಅವರು ಹಾಕಿದ ಷರತ್ತು ಒಂದೇ. ಸಂಜೆ ಏಳೂಕಾಲಿಗೆ ಅಮೆರಿಕದ ಟೀಮ್ ಜೊತೆ ಕಾಲ್ ಇರುತ್ತೆ, ಅದು ಮಾತ್ರ ತಪ್ಪಬಾರದು.

ಮೊದಲ ವಾರದಲ್ಲಿ ಒಂದು ದಿನವೂ ಆ ಕಾಲ್ ಪೂರ್ತಿಯಾಗಲಿಲ್ಲ. ಹಗಲೆಲ್ಲ ಸರಿಯಾಗಿರೋ ಇಂಟರ್ನೆಟ್ ಸಂಜೆಯಾದ ಕೂಡಲೇ ಹೋಗೋದು, ಬರೋದು. ಮನೆಯೊಳಗೆ ಮೊಬೈಲ್ ಸಿಗ್ನಲ್ ಅಷ್ಟಕ್ಕಷ್ಟೆ. "ಹಿಂಗೇ ಆದ್ರೆ ವಾಪಸ್ ಬಂದುಬಿಡಿ" ಅಂತ ಮ್ಯಾನೇಜರ್ ಮೆಸೇಜ್ ಬಂತು. ಅಪ್ಪಯ್ಯನಿಗೆ ಇನ್ನೂ ವಾಕರ್ ಇಲ್ಲದೆ ಬಚ್ಚಲಿಗೆ ಹೋಗೋಕೂ ಆಗ್ತಿರಲಿಲ್ಲ.

ನಾನು ಮೊದಲು ಕೂಗಾಡಿದ್ದು ಫೈಬರ್ ಲೈನ್ ನೋಡಿಕೊಳ್ಳೋ ಹುಡುಗನ ಮೇಲೆ. ಅವನು ತಣ್ಣಗೆ ಕೇಳಿದ, "ಅಣ್ಣಾ, ಬಿಳಿ ಬಾಕ್ಸಲ್ಲಿ ಕೆಂಪು ಲೈಟ್ ಬಂತಾ?" ನಾನು ನೋಡಿರಲಿಲ್ಲ. "ಕೆಂಪು ಬಂದಿಲ್ಲ ಅಂದ್ರೆ ಲೈನ್ ಸರಿ ಇದೆ ಅಣ್ಣಾ, ಮನೆ ಒಳಗೇ ಏನೋ ಇದೆ" ಅಂದ. ಎಂಜಿನಿಯರಿಂಗ್ ಓದಿದ ನನಗೇ ಪಾಠ ಹೇಳ್ತಾನಲ್ಲ ಅಂತ ಸಿಟ್ಟು ಬಂತು. ಆದರೆ ಮಾರನೇ ಸಂಜೆ ನೆಟ್ ಹೋದಾಗ ನೋಡಿದೆ. ಫೈಬರ್ ಬಂದು ಸೇರೋ ಬಾಕ್ಸಿನಲ್ಲಿ `PON` ಅನ್ನೋ ಹಸಿರು ದೀಪ ಅಲುಗಾಡದೆ ಉರೀತಿತ್ತು. ಫೈಬರ್ ಕಡಿದಿದ್ದರೆ `LOS` ಅನ್ನೋ ದೀಪ ಕೆಂಪಾಗಬೇಕಿತ್ತು, ಅದು ಆರಿತ್ತು. ತೊಂದರೆ ಇದ್ದದ್ದು ಅದರ ಪಕ್ಕದ ನಮ್ಮ ಹಳೇ ರೂಟರ್‌ನಲ್ಲಿ.

ಅವತ್ತಿನಿಂದ ಲ್ಯಾಪ್‌ಟಾಪ್‌ನಲ್ಲಿ ಎರಡು ಕಪ್ಪು ವಿಂಡೋ ತೆಗೆದಿಟ್ಟು ಒಂದೊಂದರಲ್ಲಿ ಒಂದೊಂದು ಸಾಲು ಓಡಿಸಿದೆ:

```
ping -t 192.168.1.1
ping -t 8.8.8.8
```

ಮೊದಲನೆಯದು ರೂಟರ್‌ನ ಕೇಳುತ್ತೆ, ಎರಡನೆಯದು ಹೊರಗಿನ ಲೋಕವನ್ನ. ಮೊದಲನೆಯದು ಸರಿಯಿದ್ದು ಎರಡನೆಯದು ಮಾತ್ರ ನಿಂತರೆ ಹೊರಗಡೆ ಹುಡುಕಬೇಕು. ಮೊದಲನೆಯದೇ ನಿಂತರೆ ತೊಂದರೆ ಮನೆಯೊಳಗೆ. ಇದರ ಜೊತೆಗೆ ಬ್ರೌಸರ್‌ನಲ್ಲಿ ರೂಟರ್‌ನ ಸ್ಟೇಟಸ್ ಪೇಜ್ ತೆಗೆದು ಅಲ್ಲಿರೋ `Uptime` ಗಮನಿಸಿದೆ. ರೂಟರ್ ಕೊನೇ ಸಲ ಶುರುವಾಗಿ ಎಷ್ಟು ಹೊತ್ತಾಯಿತು ಅನ್ನೋದು ಅದರಲ್ಲಿರುತ್ತೆ. ಅಪ್ಪಯ್ಯ ಅಡಿಕೆ ಕೆಲಸದವರ ಲೆಕ್ಕ ಬರೆಯೋ ಪುಸ್ತಕದ ಹಿಂದಿನ ಹಾಳೆಯಲ್ಲಿ, ನೆಟ್ ಹೋದಾಗಲೆಲ್ಲ ಹೊತ್ತು ಬರೆದಿಡೋ ಕೆಲಸ ವಹಿಸಿಕೊಂಡ.

ಮೊದಲು ಸಿಕ್ಕಿದ್ದು ಬಿಸಿ. ಎಂಟು ಗಂಟೆ ದಾಟಿದಮೇಲೆ ರೂಟರ್‌ನ ಉತ್ತರ 3 ಮಿಲಿಸೆಕೆಂಡಿನಿಂದ 400ಕ್ಕೆ ಏರಿ, ಆಮೇಲೆ `Request timed out.` ಅಂತ ಬರೋದು. ಹತ್ತು ನಿಮಿಷ ಬಿಟ್ಟು ತಾನಾಗೇ ಸರಿಯಾಗೋದು. ಆದರೆ ಆ ಹೊತ್ತಿನಲ್ಲಿ `Uptime` ಮಾತ್ರ ಸೊನ್ನೆಗೆ ಹೋಗದೆ ಓಡ್ತಲೇ ಇತ್ತು. ಅಂದರೆ ರೂಟರ್ ಆಫ್ ಆಗ್ತಿರಲಿಲ್ಲ, ಸೋತು ಕೂರ್ತಿತ್ತು. ಅದು ಇದ್ದದ್ದು ಟಿವಿ ಶೋಕೇಸಿನೊಳಗೆ, ಸೆಟ್‌ಟಾಪ್ ಬಾಕ್ಸಿನ ಮೇಲೆ, ಅಮ್ಮ ಹೆಣೆದ ಕ್ರೋಶಾ ಬಟ್ಟೆ ಹೊದ್ದುಕೊಂಡು! ಮುಟ್ಟಿದರೆ ಒಲೆಯಿಂದ ಆಗಷ್ಟೇ ಇಳಿಸಿದ ಪಾತ್ರೆ.

ಮನೆಯ ರೂಟರ್‌ಗಳಿಗೆ ಫ್ಯಾನ್ ಇರಲ್ಲ. ಬಿಸಿಗಾಳಿ ಮೇಲೆದ್ದು ಸಂದಿಗಳಿಂದ ಹೊರಗೆ ಹೋಗಬೇಕು, ಅಷ್ಟೆ. ಹೆಚ್ಚಿನವುಗಳ ಕೈಪಿಡಿಯಲ್ಲಿ 0ಯಿಂದ 40 ಡಿಗ್ರಿ ಅಂತ ಬರೆದಿರುತ್ತೆ. ಅದು ರೂಟರ್ ಸುತ್ತಲಿನ ಗಾಳಿಯ ಲೆಕ್ಕ, ಕೋಣೆಯದ್ದಲ್ಲ. ನಮ್ಮಲ್ಲಿ ಆರು ಗಂಟೆಗೆ ಟಿವಿ ಶುರುವಾದರೆ ಶೋಕೇಸಿನೊಳಗಿನ ಗಾಳಿ ಕಾಯುತ್ತಾ ಹೋಗುತ್ತೆ. ಅದೇ ಹೊತ್ತಿಗೆ ನನ್ನ ಕಾಲ್, ಅಣ್ಣನ ಮಗನ ವಿಡಿಯೋ, ಅಮ್ಮನ ಮೊಬೈಲ್ ಎಲ್ಲಾ ಸೇರಿ ರೂಟರ್‌ಗೆ ಕೆಲಸವೂ ಜಾಸ್ತಿ. ಬಟ್ಟೆ ತೆಗೆದು, ಪೇಂಟ್ ಬ್ರಷ್‌ನಿಂದ ಸಂದಿಯ ಧೂಳು ಗುಡಿಸಿ, ಗೋಡೆಯ ತೆರೆದ ಶೆಲ್ಫಿನಲ್ಲಿ ಇಟ್ಟೆ. ಎಂಟು ಗಂಟೆಯ ಸೋಲು ನಿಂತಿತು.

ಆದರೆ ಪುಸ್ತಕದಲ್ಲಿ ಬೇರೆ ಹೊತ್ತುಗಳೂ ಇದ್ದವು. ಒಂದು ದಿನ 6.50, ಇನ್ನೊಂದು ದಿನ 8.40. ಆಗ ಮನೆಯ ಕರೆಂಟ್ ಹೋಗಿಲ್ಲ, ಟಿವಿ ನಡೀತಿದೆ, ರೂಟರ್‌ನ ದೀಪಗಳು ಮಾತ್ರ ಒಟ್ಟಿಗೇ ಆರಿ ಮತ್ತೆ ಹತ್ತುತ್ತವೆ. ಈ ಸಲ `Uptime` ಸೊನ್ನೆಯಿಂದ ಶುರುವಾಗಿತ್ತು. ಇದು ಅಡಾಪ್ಟರ್‌ನ ಗುರುತು. ನಮ್ಮದಕ್ಕೆ ಏಳು ವರ್ಷ. ಅದರೊಳಗಿನ ಕೆಪಾಸಿಟರ್‌ಗಳು ಬಿಸಿಗೆ ನಿಧಾನವಾಗಿ ಒಣಗುತ್ತವೆ. ಶಾಖ 10 ಡಿಗ್ರಿ ಏರಿದರೆ ಅವುಗಳ ಆಯಸ್ಸು ಹೆಚ್ಚುಕಡಿಮೆ ಅರ್ಧವಾಗುತ್ತೆ ಅನ್ನೋದು ಎಲೆಕ್ಟ್ರಾನಿಕ್ಸ್‌ನಲ್ಲಿ ರೂಢಿಯ ಲೆಕ್ಕ. ಹಗಲು ಕೆಲಸ ಕಮ್ಮಿ ಇದ್ದಾಗ ಅಡಾಪ್ಟರ್ ಹೇಗೋ ನಿಭಾಯಿಸುತ್ತೆ. ಸಂಜೆ ರೂಟರ್ ಹೆಚ್ಚು ಕರೆಂಟ್ ಕೇಳಿದಾಗ ವೋಲ್ಟೇಜ್ ಕುಸಿಯುತ್ತೆ, ರೂಟರ್ ರೀಸ್ಟಾರ್ಟ್ ಆಗುತ್ತೆ. ಏನೂ ಜೋಡಿಸದೆ ಮೀಟರ್ ಹಿಡಿದರೆ 12 ವೋಲ್ಟ್ ಸರಿಯಾಗೇ ತೋರಿಸಬಹುದು, ಅದನ್ನ ನಂಬಬಾರದು. ಬೇರೆ ಅಡಾಪ್ಟರ್ ಹಾಕಿ ನೋಡೋದೇ ಪರೀಕ್ಷೆ. ಸೊರಬಕ್ಕೆ ಹೋಗಿ ಹೊಸದು ತಂದೆ. ವೋಲ್ಟ್ ಹಳೆಯದರಷ್ಟೇ ಇರಬೇಕು, ಪಿನ್ ಅದೇ ಥರದ್ದಾಗಿರಬೇಕು, ಆಂಪಿಯರ್ ಮಾತ್ರ ಅಷ್ಟೇ ಅಥವಾ ಹೆಚ್ಚಿರಬಹುದು.

ಎರಡು ದಿನ ನೆಮ್ಮದಿಯಿಂದ ಇರಬಹುದು ಅಂದುಕೊಂಡೆ. ಅವತ್ತೇ ಸಂಜೆ ಕಾಲ್ ಮಧ್ಯದಲ್ಲಿ ಮತ್ತೆ ಹೋಯ್ತು!

"ನಂಗೊಂದು ಗೊತ್ತು ಕಣೋ," ಅಂದ್ಲು ಅಮ್ಮ. "ನನ್ನ ಧಾರಾವಾಹಿ ಹಾಡು ಶುರುವಾಗೋ ಹೊತ್ತಿಗೇ ಸರಿಯಾಗಿ ಹೋಗ್ತದೆ. ದೀಪಾವಳಿಯಿಂದ ಹಿಂಗೇ. ನೀನು ಮಾಡಿಟ್ಟು ಹೋಗಿದ್ದು ಅಂತ ನಾನು ಸುಮ್ನಿದ್ದೆ."

ಪುಸ್ತಕ ತೆಗೆದು ನೋಡಿದೆ. ಅಪ್ಪಯ್ಯನ ಕೈಬರಹದಲ್ಲಿ ಪ್ರತಿ ದಿನವೂ 7.30. ಬೇರೆ ಹೊತ್ತುಗಳ ನಡುವೆ ಅದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ರಾತ್ರಿ ಒಂಬತ್ತಕ್ಕೆ ಸ್ಟೇಟಸ್ ಪೇಜ್ ನೋಡಿದರೆ `Uptime` 1 ಗಂಟೆ 29 ನಿಮಿಷ. ಬಿಸಿಗೂ ಹಳೇ ಅಡಾಪ್ಟರ್‌ಗೂ ಗಡಿಯಾರ ನೋಡಿ ಕೆಡೋಕೆ ಬರಲ್ಲ. ಇಷ್ಟು ಸಮಯಪಾಲನೆ ಇರೋದು ಯಾರೋ ಬರೆದಿಟ್ಟ ಸೆಟ್ಟಿಂಗ್‌ಗೆ ಮಾತ್ರ.

ಬರೆದಿಟ್ಟವನು ನಾನೇ. ದೀಪಾವಳಿಗೆ ಬಂದಾಗ ರೂಟರ್ ಆಗಾಗ ಹ್ಯಾಂಗ್ ಆಗ್ತದೆ ಅಂತ ಅಮ್ಮ ಹೇಳಿದ್ಲು. ಬೇರುಹುಡುಕೋ ತಾಳ್ಮೆ ಇಲ್ಲದೆ, ದಿನಾ ತಾನಾಗೇ ರೀಬೂಟ್ ಆಗಲಿ ಅಂತ `Reboot Schedule` ಪೇಜಿನಲ್ಲಿ ಹೊತ್ತು ಹಾಕಿ ಬೆಂಗಳೂರು ಬಸ್ ಹತ್ತಿದ್ದೆ. ರಾತ್ರಿ ಹತ್ತಕ್ಕೆ ಅಮ್ಮ ಎಲ್ಲಾ ಸ್ವಿಚ್ ಆಫ್ ಮಾಡ್ತಾಳೆ, ಹಾಗಾಗಿ ನಸುಕಿನ ಹೊತ್ತು ಇಟ್ಟರೆ ಉಪಯೋಗವಿಲ್ಲ. ಊಟ ಆಗಿ ಎಲ್ಲರೂ ಮಲಗಿರೋ ಮಧ್ಯಾಹ್ನ ಎರಡು ಗಂಟೆ ಅಂತ `14:00` ಹಾಕಿದ್ದೆ. ಆದರೆ ಸಮಯದ ಪೇಜ್ ತೆಗೆದೇ ಇರಲಿಲ್ಲ. ಅಲ್ಲಿ ಟೈಮ್‌ಜೋನ್ ಕಂಪನಿಯಿಂದ ಬಂದ ಹಾಗೇ `GMT` ಇತ್ತು. ಅಲ್ಲಿನ ಎರಡು ಗಂಟೆಗೆ ನಮ್ಮ ಐದೂವರೆ ಗಂಟೆ ಸೇರಿಸಿ ನೋಡಿ, ಸರಿಯಾಗಿ ಸಂಜೆ ಏಳೂವರೆ.

ದಿನಾ ರಾತ್ರಿ ಆಫ್ ಆಗೋ ರೂಟರ್‌ಗೆ ಇನ್ನೊಂದು ರೀಬೂಟ್ ಬೇಕಾಗೇ ಇರಲಿಲ್ಲ. ಅದು ಹ್ಯಾಂಗ್ ಆಗ್ತಿದ್ದದ್ದು ಕ್ರೋಶಾ ಬಟ್ಟೆಯೊಳಗಿನ ಬಿಸಿಗೆ. ರೀಬೂಟ್ ಮಾಡಿದರೆ ಬಿಸಿ ಇಳಿಯಲ್ಲ, ಕಾರಣ ಮುಚ್ಚಿಹೋಗುತ್ತೆ ಅಷ್ಟೆ. ಟೈಮ್‌ಜೋನ್ `GMT+05:30` ಮಾಡಿ, ಶೆಡ್ಯೂಲ್ ತೆಗೆದುಹಾಕಿದೆ. ಮಾರನೇ ದಿನದ ಕಾಲ್ ಎಂಟು ಗಂಟೆವರೆಗೂ ಕಡಿಯದೆ ನಡೀತು.

ರೂಟರ್ ಹಳೆಯದೇ. ತಣ್ಣಗಿದ್ದು, ಅಡಾಪ್ಟರ್ ಹೊಸದಿದ್ದು, ಶೆಡ್ಯೂಲ್ ಇಲ್ಲದೆಯೂ ಮತ್ತೆ ನಿಲ್ಲೋಕೆ ಶುರುಮಾಡಿದರೆ ಆಗ ಅದರೊಳಗೇ ವಯಸ್ಸಾಗಿದೆ ಅಂತ ತಿಳಿದು ಬದಲಿಸ್ತೀನಿ. ಸದ್ಯಕ್ಕೆ ಅಪ್ಪಯ್ಯನ ಪುಸ್ತಕದ ಹಿಂದಿನ ಹಾಳೆ ಮೂರು ವಾರದಿಂದ ಖಾಲಿ.

ಫೈಬರ್ ಹುಡುಗನಿಗೆ ಫೋನ್ ಮಾಡಿ ತಪ್ಪು ನನ್ನದೇ ಇತ್ತು ಮಾರಾಯ ಅಂದೆ. ಅವನು ನಕ್ಕು, "ಆಗ್ತದೆ ಅಣ್ಣಾ. ಬಟ್ಟೆ ತೆಗ್ದ್ರಾ?" ಅಂದ. ವೈಫೈ ಕನೆಕ್ಷನ್ ಕೊಡೋಕೆ ಬಂದಾಗಲೇ ಅವನು ಅಮ್ಮನಿಗೆ ಅದನ್ನ ಹೇಳಿ ಹೋಗಿದ್ದನಂತೆ.