ಶನಿವಾರದ ಪೆಟ್ಟಿಗೆ, ಶುಕ್ರವಾರದ ಬೂದುಗುಂಬಳ

ಪ್ರತಿ ಶನಿವಾರ ಬೆಳಗ್ಗೆ ಏಳೂವರೆಗೆ ನಮ್ಮನೆ ಬಾಗಿಲಿಗೆ ಒಂದು ತರಕಾರಿ ಪೆಟ್ಟಿಗೆ ಬರುತ್ತದೆ. ಒಳಗೆ ಏನಿದೆ ಅಂತ ತೆರೆಯುವವರೆಗೂ ಗೊತ್ತಿರುವುದಿಲ್ಲ. ತೋಟದಲ್ಲಿ ಆ ವಾರ ಏನು ಕೊಯ್ಲಿಗೆ ಬಂದಿದೆಯೋ ಅದು, ಅಷ್ಟೇ. ನಮಗೆ ಬೇಕಾದ್ದು ಕೇಳುವ ಹಾಗಿಲ್ಲ, ಬೇಡವಾದ್ದು ವಾಪಸ್ಸು ಕೊಡುವ ಹಾಗೂ ಇಲ್ಲ. ಪಕ್ಕದ ಬೀದಿಯ ಗೆಳತಿ ತರಿಸುತ್ತಾಳೆ ಅಂತ ನಾನೂ ಹುಮ್ಮಸ್ಸಿನಲ್ಲಿ ಮೂರು ತಿಂಗಳ ದುಡ್ಡು, ಆರು ಸಾವಿರ ರೂಪಾಯಿ, ಮುಂಗಡ ಕಟ್ಟಿಬಿಟ್ಟಿದ್ದೆ.

ಮೊದಲ ತಿಂಗಳು ಆ ಪೆಟ್ಟಿಗೆಯ ಕಾಲು ಭಾಗ ಹಸಿಕಸದ ಬಕೆಟ್ಟಿಗೆ ಹೋಯಿತು. ಇದನ್ನು ಬರೆಯಲು ಈಗಲೂ ನಾಚಿಕೆ. ನಮ್ಮ ಮನೆಯವರು ಒಂದೇ ಮಾತು ಹೇಳಿದರು, "ಈ ದುಡ್ಡಿಗೆ ಸಂತೆಲಿ ಬೇಕಾದ್ದೇ ತರಬಹುದಿತ್ತಲ್ಲ. ಮೂರು ತಿಂಗಳು ಮುಗಿದ ಮೇಲೆ ನಿಲ್ಲಿಸಿಬಿಡು." ಅವರದ್ದು ತಪ್ಪಲ್ಲ.

ನಾನು ಮಾಡುತ್ತಿದ್ದ ತಪ್ಪು ಏನು ಅಂತ ಹಿಂತಿರುಗಿ ನೋಡಿದರೆ ಬಹಳ ಸುಲಭ. ಪೆಟ್ಟಿಗೆ ತೆರೆದ ಕೂಡಲೇ ನನಗೆ ಗೊತ್ತಿರುವ, ಮಗಳು ತಕರಾರಿಲ್ಲದೆ ತಿನ್ನುವ ತರಕಾರಿಯನ್ನೇ ಮೊದಲು ಎತ್ತಿಕೊಳ್ಳುತ್ತಿದ್ದೆ. ಶನಿವಾರ ಬೀಟ್ರೂಟ್ ಪಲ್ಯ, ಭಾನುವಾರ ನವಿಲುಕೋಸಿನ ಸಾಗು. ಸೊಪ್ಪು ಬಿಡಿಸುವ ಕೆಲಸ ಬೇಜಾರು, "ನಾಳೆ ಮಾಡೋಣ" ಅಂತ ಫ್ರಿಜ್ಜಿನ ಕೆಳಗೆ ತುರುಕಿಬಿಡುತ್ತಿದ್ದೆ. ಅಂದರೆ ಹತ್ತು ದಿನ ಕಾಯುವ ಗೆಡ್ಡೆಯನ್ನು ಮೊದಲು ತಿಂದು, ಎರಡು ದಿನವೂ ಕಾಯದ ಸೊಪ್ಪನ್ನು ಕಾಯಿಸುತ್ತಿದ್ದೆ.

ಒಂದು ಗುರುವಾರ ರಾತ್ರಿ ಹನ್ನೊಂದಕ್ಕೆ ನೀರು ಕುಡಿಯಲು ಎದ್ದು ಹೋದರೆ ಅಡುಗೆಮನೆಯಲ್ಲಿ ದೀಪ ಇತ್ತು. ಅತ್ತೆ ನೆಲದ ಮೇಲೆ ಕೂತಿದ್ದಾರೆ. ನಾನು ಸಂಜೆ ಕಸಕ್ಕೆ ಹಾಕಿದ್ದ ಸಬ್ಸಿಗೆ ಸೊಪ್ಪಿನ ಕಟ್ಟನ್ನು ತೆಗೆದು, ಕಪ್ಪಾಗಿ ಲೋಳೆಯಾಗಿದ್ದ ಎಸಳನ್ನೆಲ್ಲ ಬಿಡಿಸಿ, ನಡುವೆ ಇನ್ನೂ ಹಸಿರಾಗಿದ್ದ ನಾಲ್ಕಾರು ಕಡ್ಡಿಗಳನ್ನು ತಟ್ಟೆಗೆ ಹಾಕುತ್ತಿದ್ದಾರೆ. ನನಗೆ ಅವಮಾನ ಆಯಿತು, ಆ ಅವಮಾನ ಕೋಪವಾಗಿ ಹೊರಗೆ ಬಂತು. "ಕಸದಿಂದ ಯಾಕೆ ತೆಗೀತೀರ ಅತ್ತೆ, ನಾವೇನು ಅಷ್ಟು ಬಡವರಾ?" ಅಂದೆ. ಅವರು ತಲೆ ಎತ್ತದೆ, "ಬಡತನದ ಮಾತಲ್ಲ ಕಣವ್ವ. ಬೆಳ್ದೋರು ಬೆಳಗಿನ ಜಾವ ಎದ್ದು ಕುಯ್ದಿರ್ತಾರೆ" ಅಂದರು. ಮಂಡ್ಯದ ಕಡೆಯ ಹಳ್ಳಿಯಲ್ಲಿ ನಲವತ್ತು ವರ್ಷ ಹಿತ್ತಲ ಸೊಪ್ಪು ಕೊಯ್ದು ಅಡುಗೆ ಮಾಡಿದವರು. ಮಾವ ಹೋದ ಮೇಲೆ ನಮ್ಮ ಜೊತೆ ಬಂದು ಆರು ತಿಂಗಳಾಗಿತ್ತು. ಅಷ್ಟು ದಿನವೂ ನನ್ನ ಅಡುಗೆಮನೆಯಲ್ಲಿ ಒಂದು ಮಾತೂ ಆಡಿರಲಿಲ್ಲ.

ಎರಡು ದಿನ ನಾವಿಬ್ಬರೂ ಸರಿಯಾಗಿ ಮಾತಾಡಲಿಲ್ಲ. ಶನಿವಾರ ಪೆಟ್ಟಿಗೆ ಬಂದಾಗ ನಾನೇ, "ಅತ್ತೆ, ಇದನ್ನ ಹೆಂಗೆ ಮಾಡ್ಲಿ ಹೇಳಿ" ಅಂದೆ. ಅವರು ಹಾಲ್‌ನಲ್ಲಿ ಪೇಪರು ಹಾಸಿ ಎಲ್ಲವನ್ನೂ ಸುರಿದರು. ಆಷಾಢದ ಮಳೆಯ ವಾರ ಅದು. ಎರಡು ಕಟ್ಟು ಹರಿವೆ ಸೊಪ್ಪು, ಒಂದು ಕಟ್ಟು ಸಬ್ಸಿಗೆ, ಎಲೆಸಮೇತ ಐದು ಮೂಲಂಗಿ, ಎಲೆಸಮೇತ ಮೂರು ನವಿಲುಕೋಸು, ಅರ್ಧ ಕೆಜಿ ಬೆಂಡೆಕಾಯಿ, ಎರಡು ಹೀರೇಕಾಯಿ, ಎರಡು ಸೌತೆಕಾಯಿ, ಒಂದು ಕೆಜಿ ಟೊಮೆಟೊ, ಮೈತುಂಬ ಬೂದಿ ಬಳಿದುಕೊಂಡ ಒಂದು ಪುಟ್ಟ ಬೂದುಗುಂಬಳ.

ನಾನು ಡೈರಿ ತೆಗೆದು ಸೋಮವಾರ, ಮಂಗಳವಾರ ಅಂತ ಗೀಟು ಹಾಕತೊಡಗಿದೆ. ಅತ್ತೆ ನಕ್ಕರು. "ವಾರ ಆಮೇಲೆ ಬರಿ. ಮೊದ್ಲು ಇದ್ರಲ್ಲಿ ಯಾವ್ದು ಮೊದ್ಲು ಸಾಯ್ತದೆ ಅಂತ ನೋಡು." ಹಾಗೆ ಪೇಪರಿನ ಮೇಲೆ ಮೂರು ಗುಡ್ಡೆಯಾಯಿತು. ಇವತ್ತು ನಾಳೆಯೊಳಗೆ ಮುಗಿಯಬೇಕಾದ ಎಲೆಗಳು. ನಾಲ್ಕು ದಿನ ತಡೆಯುವ ಕಾಯಿಗಳು. ಕೊನೆಗೆ ಗೆಡ್ಡೆ ಮತ್ತು ಬೂದುಗುಂಬಳ.

ಆಮೇಲೆ ಅವರು ಮಾಡಿದ ಮೊದಲ ಕೆಲಸ ಮೂಲಂಗಿ, ನವಿಲುಕೋಸಿನ ಎಲೆ ಕತ್ತರಿಸಿ ಬೇರೆ ಮಾಡಿದ್ದು. ಎಲೆ ಹಾಗೇ ಬಿಟ್ಟರೆ ಅದು ಗೆಡ್ಡೆಯ ನೀರನ್ನೆಲ್ಲ ಎಳೆದುಕೊಳ್ಳುತ್ತದೆ. ಎರಡೇ ದಿನಕ್ಕೆ ಮೂಲಂಗಿ ರಬ್ಬರಿನ ಹಾಗೆ ಬಾಗುತ್ತದೆ. ನನ್ನ ಮೂಲಂಗಿಗಳೆಲ್ಲ ಯಾಕೆ ಮೆತ್ತಗಾಗುತ್ತಿದ್ದವು ಅಂತ ಆಗ ಗೊತ್ತಾಯಿತು. ಆ ಎಲೆಗಳನ್ನು ನಾನು ಇಲ್ಲಿಯವರೆಗೆ ಕಸ ಅಂದುಕೊಂಡಿದ್ದೆ. ಅವು ಒಂದು ಹೊತ್ತಿನ ಮಸ್ಸೊಪ್ಪು!

ಮಳೆಗಾಲದ ಸೊಪ್ಪು ನೆಂದೇ ಬರುತ್ತದೆ. ನಾನು ಇನ್ನೊಂದು ಸಲ ತೊಳೆದು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಇಡುತ್ತಿದ್ದೆ. ಕೊಳೆಸಲು ಅದಕ್ಕಿಂತ ಒಳ್ಳೆಯ ದಾರಿ ಇಲ್ಲ. ಈಗ ಕಟ್ಟು ಬಿಚ್ಚಿ, ಹಳದಿ ಎಲೆ ಆರಿಸಿ ತೆಗೆದು, ಫ್ಯಾನಿನ ಕೆಳಗೆ ಅರ್ಧ ಗಂಟೆ ಹರವಿ, ಹಳೆಯ ಕಾಟನ್ ಪಂಚೆಯ ತುಂಡಿನಲ್ಲಿ ಸುತ್ತಿ ಇಡುತ್ತೇವೆ. ತೊಳೆಯುವುದು ಒಲೆಗೆ ಹಾಕುವ ಮುಂಚೆ ಮಾತ್ರ. ಬೆಂಡೆಕಾಯಿಗೂ ಅಷ್ಟೆ, ನೀರಿನ ಹನಿ ಇದ್ದರೆ ತೊಟ್ಟಿನ ಹತ್ತಿರ ಲೋಳೆಯಾಗುತ್ತದೆ. ಟೊಮೆಟೊ ಬುಟ್ಟಿಯನ್ನು ಸೊಪ್ಪು, ಸೌತೆಕಾಯಿಗಳಿಂದ ದೂರ ಇಡಬೇಕು ಅನ್ನುವುದು ಮಾತ್ರ ನಾನು ಅತ್ತೆಗೆ ಹೇಳಿಕೊಟ್ಟ ಸಂಗತಿ. ಹಣ್ಣಾಗುವ ಟೊಮೆಟೊ ಎಥಿಲೀನ್ ಎಂಬ ಅನಿಲ ಬಿಡುತ್ತದೆ, ಪಕ್ಕದಲ್ಲಿರುವ ಹಸಿರೆಲ್ಲ ಬೇಗ ಹಳದಿಯಾಗುತ್ತದೆ. "ಹೂಂ, ಬಾಳೆಗೊನೆ ಪಕ್ಕ ಇಟ್ಟ ಕಾಯೂ ಹಂಗೇ ಹಣ್ಣಾಗದು" ಅಂದರು. ಅವರಿಗೆ ಅನಿಲದ ಹೆಸರು ಮಾತ್ರ ಹೊಸದು.

ಆ ವಾರದ ರಾತ್ರಿ ಊಟಗಳು ಹೀಗೆ ನಡೆದವು. ಶನಿವಾರ ಹರಿವೆ ಸೊಪ್ಪಿನ ಬಸ್ಸಾರು, ಮುದ್ದೆ. ತೊಗರಿಬೇಳೆ ಮುಕ್ಕಾಲು ಬೆಂದ ಮೇಲೆ ಎರಡೂ ಕಟ್ಟು ಸೊಪ್ಪು ಹಾಕಿ, ಬೆಂದ ಕೂಡಲೇ ಕಟ್ಟು ಬಸಿದುಕೊಳ್ಳುವುದು. ಬಸಿದ ಬೇಳೆ-ಸೊಪ್ಪಿನಲ್ಲಿ ಒಂದು ಹಿಡಿ ತೆಗೆದು, ಹುರಿದ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಕಾಯಿತುರಿ, ಹುಣಸೆ, ಸಾರಿನ ಪುಡಿ ಜೊತೆ ರುಬ್ಬಿ ಕಟ್ಟಿಗೆ ಸೇರಿಸಿ ಕುದಿಸಿದರೆ ಸಾರು, ಉಳಿದದ್ದಕ್ಕೆ ಒಗ್ಗರಣೆ ಕೊಟ್ಟರೆ ಪಲ್ಯ. ಎರಡು ದೊಡ್ಡ ಕಟ್ಟು ಸೊಪ್ಪು ಒಂದೇ ಹೊತ್ತಿನಲ್ಲಿ ಖಾಲಿ. ಸೊಪ್ಪು ರಾಶಿಯಾಗಿ ಬಂದಾಗ ಬಸ್ಸಾರಿನಷ್ಟು ಉಪಕಾರಿ ಅಡುಗೆ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ.

ಭಾನುವಾರ ಮಧ್ಯಾಹ್ನ ಮೂಲಂಗಿ, ನವಿಲುಕೋಸಿನ ಎಲೆಯನ್ನು ಬೇಳೆ, ಟೊಮೆಟೊ, ಹಸಿಮೆಣಸಿನಕಾಯಿ ಜೊತೆ ಬೇಯಿಸಿ, ಮಸೆದು ಮಸ್ಸೊಪ್ಪು. ರಾತ್ರಿಗೆ ಸಬ್ಸಿಗೆ ಹಾಕಿದ ಅಕ್ಕಿರೊಟ್ಟಿ. ಸೊಪ್ಪು ಅಂದರೆ ಮೂಗು ಮುರಿಯುವ ಮಗಳು ಮೂರು ರೊಟ್ಟಿ ತಿಂದಳು. ಭಾನುವಾರ ಮಲಗುವ ಹೊತ್ತಿಗೆ ಮನೆಯಲ್ಲಿ ಒಂದು ಎಲೆ ಇರಲಿಲ್ಲ. ಅಲ್ಲಿಗೆ ಅರ್ಧ ವಾರದ ಆತಂಕ ಮುಗಿದ ಹಾಗೆ.

ಸೋಮವಾರ ಬೆಂಡೆಕಾಯಿ ಗೊಜ್ಜು, ಚಪಾತಿ. ಮಂಗಳವಾರ ಹೀರೇಕಾಯಿ ತೊವ್ವೆ, ಅದರ ಸಿಪ್ಪೆ ಹುರಿದು ಚಟ್ನಿ. ಹೀರೇಕಾಯಿ ಹೆಚ್ಚುವ ಮುಂಚೆ ಅತ್ತೆ ಒಂದು ಚೂರು ಬಾಯಿಗೆ ಹಾಕಿ ನೋಡುತ್ತಾರೆ. ಅವತ್ತು ಒಂದು ಕಾಯಿ ಕಹಿ ಇತ್ತು. ಅದನ್ನು ಮುಲಾಜಿಲ್ಲದೆ ಕಸಕ್ಕೆ ಹಾಕಿದರು. ಹೀರೇಕಾಯಿ, ಸೌತೆ, ಸೋರೆಯಂಥವು ಕಹಿಯಾಗಿದ್ದರೆ ಬೇಯಿಸಿದರೂ ಹೋಗುವುದಿಲ್ಲ, ವಾಂತಿ-ಭೇದಿ ಆಗಬಹುದು. ಕಸದಿಂದ ಸಬ್ಸಿಗೆ ಎತ್ತಿಕೊಂಡವರೇ ಇದನ್ನು ಎಸೆದಾಗ ನಾನು ನೋಡುತ್ತಾ ನಿಂತೆ. "ಉಳ್ಸೋದು ಅಂದ್ರೆ ಹೊಟ್ಟೆ ಕೆಡ್ಸ್ಕೊಳ್ಳೋದಲ್ಲ" ಅಂದರು.

ಬುಧವಾರ ನನ್ನ ಲೆಕ್ಕದಲ್ಲಿ ಮೂಲಂಗಿ ಹುಳಿ, ಸೌತೆಕಾಯಿ ಕೋಸಂಬರಿ. ಆದರೆ ಸಂಜೆ ಆರಕ್ಕೆ ಮನೆಯವರ ಫೋನು, ಆಫೀಸಿನಲ್ಲಿ ಪಾರ್ಟಿ, ಊಟಕ್ಕಿಲ್ಲ. ಮಗಳು ಗೆಳತಿಯ ಹುಟ್ಟುಹಬ್ಬಕ್ಕೆ ಹೋಗಿದ್ದಳು. ಮುಂಚೆಯಾದರೆ ಇಂಥ ಒಂದು ಸಂಜೆಗೆ ಇಡೀ ವಾರದ ಲೆಕ್ಕ ತಪ್ಪುತ್ತಿತ್ತು. ಈಗ ತಪ್ಪಲಿಲ್ಲ, ಯಾಕೆಂದರೆ ಉಳಿದಿದ್ದೆಲ್ಲ ಕಾಯುವ ಜಾತಿಯವು. ಅತ್ತೆ, ನಾನು ಇಬ್ಬರೇ ಮೊಸರನ್ನ, ಸೌತೆಕಾಯಿ ಹೋಳು ತಿಂದೆವು. ಆವತ್ತಿನಿಂದ ಬುಧವಾರಕ್ಕೆ ಏನನ್ನೂ ಬರೆಯುವುದಿಲ್ಲ. ನೆಂಟರು ಬರಲಿ, ಯಾರಾದರೂ ಹೊರಗೆ ಉಣ್ಣಲಿ, ನನಗೇ ಸುಸ್ತಾಗಲಿ, ಆ ಖಾಲಿ ದಿನ ತಡೆದುಕೊಳ್ಳುತ್ತದೆ. ಏನೂ ಆಗದಿದ್ದರೆ ಹಿಂದಿನ ದಿನಗಳ ಅರ್ಧ ಉಳಿದ ಕಾಯಿಗಳೆಲ್ಲ ಸೇರಿ ಒಂದು ಕೂಟು.

ಗುರುವಾರ ಮೂಲಂಗಿ, ನವಿಲುಕೋಸು ಎರಡೂ ಸೇರಿಸಿ ಹುಳಿ. ಅಷ್ಟರಲ್ಲಿ ಟೊಮೆಟೊ ಐದಾರು ತೀರಾ ಮೆತ್ತಗಾಗಿದ್ದವು. ಒಡೆದು ನೀರು ಬಿಟ್ಟಿದ್ದ ಒಂದನ್ನು ಎಸೆದೆ, ಉಳಿದದ್ದು ಗೊಜ್ಜಾಗಿ ಶುಕ್ರವಾರ ಬೆಳಗಿನ ದೋಸೆಗೆ ಆಯಿತು.

ಶುಕ್ರವಾರ ರಾತ್ರಿಗೆ ಬೂದುಗುಂಬಳದ ಮಜ್ಜಿಗೆ ಹುಳಿ ಅಂತ ಬರೆದುಕೊಂಡಿದ್ದೆ. ಚಾಕು ತೆಗೆದಾಗ ಅತ್ತೆ ಕೈ ಹಿಡಿದರು. "ಕುಯ್ದ್ರೆ ನಾಲ್ಕು ದಿನ, ಕುಯ್ಯದಿದ್ರೆ ತಿಂಗಳುಗಟ್ಲೆ. ಇನ್ನೊಂದು ನವಿಲುಕೋಸು ಐತಲ್ಲ, ಅದ್ನೇ ಪಲ್ಯ ಮಾಡು." ಬಲಿತು ಬೂದಿ ಕಟ್ಟಿದ ಕುಂಬಳ ನೆಲಕ್ಕೆ ತೇವ ಇಲ್ಲದ ಕಡೆ, ತೊಟ್ಟು ಮುರಿಯದೆ ಇಟ್ಟರೆ ಬಹಳ ದಿನ ಇರುತ್ತದೆ. ಪೆಟ್ಟಿಗೆ ತೀರಾ ಸಪ್ಪೆಯಾಗಿ ಬಂದ ವಾರಕ್ಕೆ ಅದು ಕೂಡಿಟ್ಟ ದುಡ್ಡಿನ ಹಾಗೆ. ಅದನ್ನು ಅಕ್ಕಿ ಡಬ್ಬದ ಪಕ್ಕ ಹಲಗೆಯ ಮೇಲೆ ಇಟ್ಟೆ. ಆ ವಾರ ಕಸಕ್ಕೆ ಹೋಗಿದ್ದು ಕಹಿ ಹೀರೇಕಾಯಿ, ಒಂದು ಟೊಮೆಟೊ, ಸಿಪ್ಪೆ, ಬೇರು.

ಮೂರು ತಿಂಗಳು ಮುಗಿದಾಗ ಮನೆಯವರು ನಿಲ್ಲಿಸುವ ಮಾತೆತ್ತಲಿಲ್ಲ. ನಾನೂ ನೆನಪಿಸಲಿಲ್ಲ, ಮತ್ತೆ ದುಡ್ಡು ಕಟ್ಟಿದೆ.

ಹೋದ ವಾರ ಅತ್ತೆ ಮೈಸೂರಿಗೆ, ಮಗಳ ಮನೆಗೆ ಹೋಗಿದ್ದಾರೆ. ಶನಿವಾರ ಪೆಟ್ಟಿಗೆ ನಾನೊಬ್ಬಳೇ ತೆರೆದೆ. ಮೇಲೆಯೇ ಒಂದು ಬಾಳೆಹೂವು. ಹೂವಿನೊಳಗಿನ ನಾರು, ಪೊರೆ ಬಿಡಿಸುವುದು ಅಂದರೆ ಕೈಯೆಲ್ಲ ಕಪ್ಪು. ಪೇಪರು ಹಾಸಿ ಮೂರು ಗುಡ್ಡೆ ಮಾಡಿ, ಬಾಳೆಹೂವನ್ನು ಎರಡನೆಯದಕ್ಕೆ ಇಟ್ಟೆ, ತೆಗೆದು ಮೊದಲನೆಯದಕ್ಕೆ ಇಟ್ಟೆ. ಅಷ್ಟರಲ್ಲಿ ಫೋನು ಬಂತು.

"ಪೆಟ್ಗೆ ಬಂತಾ? ಏನ್ ಐತೆ?"

"ಬಾಳೆಹೂ ಇದೆ ಅತ್ತೆ."

"ಹೊರಗಿನ ಎಸ್ಳು ಬಿಡಿಸ್ಬೇಡ, ಎರಡ್ ಮೂರ್ ದಿನ ಇರ್ತದೆ. ಸೊಪ್ಪು ಏನ್ ಬಂದದೆ, ಅದ್ ಹೇಳು ಮೊದ್ಲು."