ಬೇರೆಯವರ ಜಾಹೀರಾತು, ನಮ್ಮ ಒಣದ್ರಾಕ್ಷಿ

ಕಾಖಂಡಕಿಯಲ್ಲಿ ನಮ್ಮ ಕಾಕಾನ ಎರಡು ಎಕರೆ ದ್ರಾಕ್ಷಿ ತೋಟ ಇದೆ. ಪ್ರತಿ ವರ್ಷ ಹಣ್ಣು ಒಣಗಿಸಿ, ವ್ಯಾಪಾರಿ ಹೇಳಿದ ರೇಟಿಗೆ ಕೊಟ್ಟು ಬರ್ತಾರೆ. ಈ ಸಲ ಐವತ್ತು ಕೆಜಿ ಒಣದ್ರಾಕ್ಷಿ ಉಳಿಸಿಕೊಂಡು, ಅರ್ಧ ಕೆಜಿ ಪ್ಯಾಕೆಟ್ ಮಾಡಿ, ನೇರ ಮನೆಗಳಿಗೆ ಮಾರೋಣ ಅಂದರು. ಇನ್‌ಸ್ಟಾಗ್ರಾಮ್ ಜಾಹೀರಾತಿಗೆ ಅಂತ 2,000 ರೂಪಾಯಿ ಕೊಟ್ಟು, "ನೀ ಇಂಜಿನಿಯರಿಂಗ್ ಓದಾಕತ್ತಿ, ನೀನ ಮಾಡು" ಅಂದರು. ಅಷ್ಟು ದುಡ್ಡಿನಲ್ಲಿ ಹತ್ತು ಥರ ಪ್ರಯೋಗ ಮಾಡೋಕೆ ಆಗಲ್ಲ. ಅದಕ್ಕೆ ಬೇರೆ ಮಾರಾಟಗಾರರು ಏನು ಹೇಳ್ತಿದ್ದಾರೆ ಅಂತ ಮೊದಲು ನೋಡಿದೆ.

ಅದನ್ನು ಯಾರು ಬೇಕಾದರೂ ನೋಡಬಹುದು. ಮೆಟಾ ಕಂಪನಿಯ `facebook.com/ads/library` ಪುಟದಲ್ಲಿ ದೇಶ ಭಾರತ, ವಿಭಾಗ `All ads` ಅಂತ ಆರಿಸಿ `raisins`, `kishmish`, `ಒಣದ್ರಾಕ್ಷಿ` ಅಂತ ಹುಡುಕಿದರೆ ಸಾಕು. ಲಾಗಿನ್ ಕೂಡ ಬೇಡ. ಗೂಗಲ್‌ನವರದ್ದೂ `adstransparency.google.com` ಅಂತ ಒಂದಿದೆ. ಆದರೆ ಅಲ್ಲಿ ಮಾರಾಟಗಾರರ ಹೆಸರು ಇಲ್ಲವೇ ವೆಬ್‌ಸೈಟ್ ಹಾಕಿ ಹುಡುಕಬೇಕು, ವಸ್ತುವಿನ ಹೆಸರು ಹಾಕಿದರೆ ನಡೆಯಲ್ಲ.

ಮೂವತ್ತು ಜಾಹೀರಾತು ಆರಿಸಿ ಒಂದು ಶೀಟ್ ಮಾಡಿದೆ. ಪ್ರತಿಯೊಂದಕ್ಕೂ ನಾಲ್ಕೇ ಪ್ರಶ್ನೆ: ಮೊದಲ ಸಾಲು ಯಾರನ್ನ ಕರೀತಿದೆ? ಏನು ಭರವಸೆ ಕೊಡ್ತಿದೆ? ಅದಕ್ಕೆ ಪುರಾವೆ ಏನು? ಕೊನೆಗೆ ಏನು ಮಾಡು ಅಂತಿದೆ? ಅವರ ವಾಕ್ಯವನ್ನು ಶೀಟಿಗೆ ಹಾಕಲಿಲ್ಲ, ಅದರ ಕೆಲಸವನ್ನು ಮಾತ್ರ ನನ್ನ ಮಾತಲ್ಲಿ ಬರೆದೆ. "ತಾಯಿಗೆ ಹೇಳ್ತಿದೆ, ಮಕ್ಕಳ ಶಕ್ತಿ, ಪುರಾವೆ ಇಲ್ಲ" ಈ ಥರ. ಪಕ್ಕದಲ್ಲಿ `Started running on` ದಿನಾಂಕ, ನಾನು ನೋಡಿದ ದಿನಾಂಕ. ನಮ್ಮ ದೇಶದಲ್ಲಿ ಇಂಥ ವ್ಯಾಪಾರದ ಜಾಹೀರಾತು ನಿಂತ ಮೇಲೆ ಈ ಲೈಬ್ರರಿಯಿಂದಲೂ ಹೋಗಿಬಿಡುತ್ತೆ. ಹಾಗಾಗಿ ಎರಡು ವಾರ ಬಿಟ್ಟು ಮತ್ತೆ ಹೋಗಿ, ಯಾವುದು ಉಳಿದಿದೆ ಅಂತ ಟಿಕ್ ಹಾಕಿದೆ.

ತಿಂಗಳುಗಟ್ಟಲೆ ಓಡ್ತಿರೋ ಜಾಹೀರಾತು ಚೆನ್ನಾಗಿ ಮಾರ್ತಿದೆ ಅಂತ ಅನಿಸೋದು ಸಹಜ. ಇರಬಹುದು. ಆದರೆ ದೊಡ್ಡ ಕಂಪನಿ ಬರೀ ಹೆಸರು ನೆನಪಿರಲಿ ಅಂತಲೂ ಓಡಿಸುತ್ತೆ. ಎಷ್ಟು ಖರ್ಚಾಯ್ತು, ಎಷ್ಟು ಜನ ಕೊಂಡರು ಅನ್ನೋದು ಅಲ್ಲಿ ಕಾಣಲ್ಲ. ಹಾಗಾಗಿ ಒಂದೇ ಜಾಹೀರಾತನ್ನ ನಂಬಲಿಲ್ಲ. ಸಂಬಂಧವೇ ಇಲ್ಲದ ಮೂರು ನಾಲ್ಕು ಮಾರಾಟಗಾರರು ಒಂದೇ ಮಾತನ್ನು ಬಿಡದೆ ಹೇಳ್ತಿದ್ದರೆ ಮಾತ್ರ ಅದನ್ನ ಮಾದರಿ ಅಂತ ಲೆಕ್ಕಕ್ಕೆ ತಗೊಂಡೆ.

ಹಾಗೆ ಮೂರು ಮಾದರಿ ಸಿಕ್ಕವು: ಆರೋಗ್ಯ, ರಿಯಾಯಿತಿ, ಹಬ್ಬದ ಗಿಫ್ಟ್ ಬಾಕ್ಸ್. ಯಾವ ಊರಿನ ಹಣ್ಣು, ಹೆಂಗೆ ಒಣಗಿಸಿದ್ದು ಅನ್ನೋದು ನನ್ನ ಶೀಟಿನಲ್ಲಿ ಎಲ್ಲೂ ಇರಲಿಲ್ಲ.

ಶೀಟ್ ತೋರಿಸಿದಾಗ ಕಾಕಾ ಒಂದು ಚಂದದ ಜಾಹೀರಾತಿಗೆ ಬೆರಳಿಟ್ಟು, "ತಮ್ಮಾ, ಇದನ್ನ ತಗೊಂಡು ನಮ್ಮ ಹೆಸರ ಹಾಕಿಬಿಡೋ" ಅಂದರು. ಫೋಟೋ ಅವರ ಸ್ವತ್ತು, ಅದಂತೂ ಆಗಲ್ಲ. ಇನ್ನು ಜಾಹೀರಾತು ಮಾನದಂಡ ಮಂಡಳಿ, ಅಂದರೆ ಎಎಸ್‌ಸಿಐ, ಅದರ ಸಂಹಿತೆಯ ಪ್ರಕಾರ ಬೇರೆಯವರ ವಿನ್ಯಾಸ, ಬರಹ, ಘೋಷವಾಕ್ಯವನ್ನು ಕದ್ದಂತೆ ಕಾಣುವಷ್ಟು ಹೋಲಬಾರದು. ಇದೆಲ್ಲ ಹೇಳಿದೆ. ಕಾಕಾಗೆ ತಟ್ಟಿದ್ದು ಬೇರೆ ಮಾತು: "ಕಾಕಾ, ಅವರ ಹೆಸರು ತೆಗೆದು ಯಾರ ಹೆಸರು ಹಾಕಿದರೂ ನಡೆಯೋ ಸಾಲು ಇದು. ನಮ್ಮ ಶೆಡ್ ಇದರಾಗ ಎಲ್ಲೈತಿ?"

ಆಮೇಲೆ ಲೈಬ್ರರಿ ಮುಚ್ಚಿಟ್ಟು, ಎರಡು ದಿನ ಬಿಟ್ಟು, ಕಾಕಾ ಹೇಳಿದ್ದನ್ನಷ್ಟೇ ಮುಂದಿಟ್ಟುಕೊಂಡು ಬರೆದೆ. ನಾಲ್ಕು ಕೆಜಿ ಹಣ್ಣು ಒಣಗಿದರೆ ಸುಮಾರು ಒಂದು ಕೆಜಿ. ಬಿಸಿಲಲ್ಲಿ ಅಲ್ಲ, ಶೆಡ್ಡಿನ ನೆರಳಲ್ಲಿ, ಜಾಲರಿಯ ಮೇಲೆ, ಹೆಚ್ಚುಕಡಿಮೆ ಹದಿನೈದು ದಿನ. "ಕೆಮಿಕಲ್ ಇಲ್ಲ" ಅಂತ ಬರೆಯೋ ಆಸೆ ಇತ್ತು, ಆದರೆ ಬರೆಯಲಿಲ್ಲ. ಯಾಕಂದ್ರೆ ಬೇಗ ಒಣಗಲಿ ಅಂತ ಹಣ್ಣನ್ನು ಮೊದಲು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಲ್ಲಿ ಅದ್ದುತ್ತಾರೆ.

ಯಾರೂ ಹೇಳದ ಮಾತು ಅಂದರೆ, ಅದು ಯಾರಿಗೂ ಬೇಡದ ಮಾತೂ ಆಗಿರಬಹುದು. ಅದಕ್ಕೆ ಎರಡು ಜಾಹೀರಾತು ಹಾಕಿದೆ. ಫೋಟೋ ಒಂದೇ, ಬೆಲೆ ಒಂದೇ, ಮೊದಲ ಸಾಲು ಮಾತ್ರ ಬೇರೆ. ಒಂದರಲ್ಲಿ ಹಬ್ಬದ ಉಡುಗೊರೆ, ಇನ್ನೊಂದರಲ್ಲಿ "ನಾಲ್ಕು ಕೆಜಿ ಹಣ್ಣು, ಹದಿನೈದು ದಿನದ ನೆರಳು, ಒಂದು ಕೆಜಿ ಕಾಖಂಡಕಿ ಒಣದ್ರಾಕ್ಷಿ." ದಿನಕ್ಕೆ ತಲಾ ನೂರು ರೂಪಾಯಿಯಂತೆ ಐದು ದಿನ. ಹಬ್ಬದ್ದಕ್ಕೆ ನಾಲ್ಕು ವಾಟ್ಸಾಪ್ ಮೆಸೇಜ್, ನೆರಳಿನದಕ್ಕೆ ಹನ್ನೊಂದು. ಇಷ್ಟು ಚಿಕ್ಕ ಸಂಖ್ಯೆಯಿಂದ ಗೆದ್ದೆವು ಅಂತ ಹೇಳೋಕಾಗಲ್ಲ. ಆದರೆ ಆ ಹನ್ನೊಂದರಲ್ಲಿ ಐವರು ಕೇಳಿದ್ದು ಒಂದೇ ಪ್ರಶ್ನೆ: "ಗಂಧಕದ ಹೊಗೆ ಕೊಡ್ತೀರಾ?"

ಹಳದಿ ಬಣ್ಣ ಬರಲಿ ಅಂತ ಆ ಹೊಗೆ ಕೊಡೋದುಂಟು. ಈ ಐವತ್ತು ಕೆಜಿಗೆ ಕಾಕಾ ಕೊಟ್ಟಿಲ್ಲ, ಅದಕ್ಕೇ ಬಣ್ಣ ಸ್ವಲ್ಪ ಕಂದು. ಉಳಿದ ಸಾವಿರ ರೂಪಾಯಿಯ ಜಾಹೀರಾತು ಆ ಕಂದು ಬಣ್ಣ ಯಾಕೆ ಅನ್ನೋದರಿಂದಲೇ ಶುರುವಾಗುತ್ತೆ. ಈ ಸಾಲು ನನಗೆ ಲೈಬ್ರರಿಯಲ್ಲಿ ಸಿಕ್ಕಿದ್ದಲ್ಲ, ಕೊಳ್ಳೋರು ಕೇಳಿದ್ದರಿಂದ ಸಿಕ್ಕಿದ್ದು.